ಮಾರಿದ ಲೇತ್ ಲೆಕ್ಕದಲ್ಲಿ ಮೈನಸ್ ಆಗಿ ಕೂತಿತ್ತು

ಪೀಣ್ಯದ ಒಂದು ಸಣ್ಣ ವರ್ಕ್‌ಶಾಪ್‌ನ ಲೆಕ್ಕ ನೋಡಿಕೊಳ್ಳುತ್ತೇನೆ. ವರ್ಷದ ಕೊನೆಗೆ ಲೇತ್ ಮೆಷಿನ್‌ನ ನಿವ್ವಳ ಬೆಲೆ ಮೈನಸ್ ₹20,000 ಅಂತ ಬಂತು. ಮೆಷಿನ್ ಸೆಪ್ಟೆಂಬರ್‌ನಲ್ಲೇ ಮಾರಿ ಹೋಗಿದೆ. ಇಲ್ಲದ ವಸ್ತುವಿಗೆ ಮೈನಸ್ ಬೆಲೆ!

2018ರ ಏಪ್ರಿಲ್ 1ಕ್ಕೆ ₹6,00,000 ಕೊಟ್ಟು ತಂದಿದ್ದು. ಹತ್ತು ವರ್ಷ ಆಯಸ್ಸು, ವರ್ಷಕ್ಕೆ ₹60,000 ಸವಕಳಿ. 2025ರ ಸೆಪ್ಟೆಂಬರ್ 30ಕ್ಕೆ ಜಿಎಸ್‌ಟಿ ಬಿಟ್ಟು ₹1,40,000ಕ್ಕೆ ಮಾರಿದರು.

ಬಂದ ದುಡ್ಡನ್ನು ನಾನೇ ಸುಮ್ನೆ ಮೆಷಿನರಿ ಖಾತೆಗೆ ಕ್ರೆಡಿಟ್ ಮಾಡಿದ್ದೆ. ಅಲ್ಲಿ ₹4,60,000 ಉಳಿದಿತ್ತು. ಸಂಚಿತ ಸವಕಳಿಯನ್ನು ಮುಟ್ಟಿರಲೇ ಇಲ್ಲ. ಮೇಲಿಂದ ಪೂರ್ತಿ ವರ್ಷದ ಸವಕಳಿ ಹಾಕಿದ್ದೆ, ಅದು ₹4,80,000ಕ್ಕೆ ಏರಿತ್ತು.

ಮೊದಲು ಮಾರಿದ ಮೇಲಿನ ಆರು ತಿಂಗಳ ಸವಕಳಿ ₹30,000 ವಾಪಸ್ ತೆಗೆದೆ. ಸಂಚಿತ ಸವಕಳಿ ₹4,50,000 ಆಯಿತು. ಅಂದರೆ ಮಾರಿದ ದಿನ ಪುಸ್ತಕದ ಬೆಲೆ ₹1,50,000, ನಷ್ಟ ₹10,000. ಆಮೇಲೆ ಈ ಎಂಟ್ರಿ:

```
ಸಂಚಿತ ಸವಕಳಿ  ಡೆಬಿಟ್    4,50,000
ಮಾರಾಟ ನಷ್ಟ   ಡೆಬಿಟ್      10,000
ಮೆಷಿನರಿ      ಕ್ರೆಡಿಟ್   4,60,000
```

ಎರಡೂ ಖಾತೆಯಲ್ಲಿ ಲೇತ್‌ನ ಬಾಕಿ ಸೊನ್ನೆ. ₹1,65,000ಕ್ಕೆ ಹೋಗಿದ್ದರೆ ₹15,000 ಲಾಭ ಕ್ರೆಡಿಟ್ ಕಡೆ ಬರುತ್ತಿತ್ತು, ಸವಕಳಿ ತೆಗೆಯುವುದು ಮಾತ್ರ ಹೀಗೇ.

"ಈ ನಷ್ಟ ಟ್ಯಾಕ್ಸ್‌ನಲ್ಲಿ ಕಳೀಬಹುದಾ ಸಾರ್?" ಅಂತ ಮಾಲೀಕರು ಕೇಳಿದರು. ಇಲ್ಲ. ಆದಾಯ ತೆರಿಗೆಯಲ್ಲಿ ಒಂದೇ ಸವಕಳಿ ದರದ ಆಸ್ತಿಗಳನ್ನೆಲ್ಲ ಒಂದು ಬ್ಲಾಕ್ ಮಾಡಿ, ಆ ಇಡೀ ಬ್ಲಾಕ್‌ನ ಬೆಲೆಯಿಂದ ಮಾರಿದ ಹಣ ಕಳೆಯುತ್ತಾರೆ, ಅದರ ಲೆಕ್ಕವೇ ಬೇರೆ.