ತಿಂಗಳ ಕೊನೆಯ ದಿನ ಮಾತ್ರ ಕೆಲಸ ನಡೆಸಲು ಕ್ರಾನ್ ಸಾಲು

ಲಿನಕ್ಸ್‌ನ ಕ್ರಾನ್‌ನಲ್ಲಿ ‘ತಿಂಗಳ ಕೊನೆಯ ದಿನ’ ಎಂದು ಹೇಳುವ ಗುರುತು ಇಲ್ಲದಿರುವುದರಿಂದ, ಕೆಲಸವನ್ನು 28ರಿಂದ 31ರವರೆಗೆ ಪ್ರತಿ ರಾತ್ರಿ ಎಬ್ಬಿಸಿ, ನಾಳೆ ಒಂದನೇ ತಾರೀಖಾಗಿದ್ದರೆ ಮಾತ್ರ ಮುಂದುವರಿಯುವಂತೆ ಬರೆಯಿರಿ.

```
30 21 28-31 * * [ "$(date -d tomorrow +\%d)" = "01" ] && /home/adat/lekka.sh
```

ತಿಂಗಳ ಉದ್ದವನ್ನು ನಾವು ಲೆಕ್ಕ ಹಾಕುವುದೇ ಇಲ್ಲ. ಅದನ್ನು `date` ನೋಡಿಕೊಳ್ಳುತ್ತದೆ. ಕಲಬುರಗಿಯ ತೊಗರಿ ಅಡತಿ ಅಂಗಡಿಯೊಂದರ ತಿಂಗಳ ಲೆಕ್ಕಕ್ಕೆ ಇದನ್ನು ಹಾಕಿದರೆ, 2027ರ ಫೆಬ್ರವರಿ 28ರಂದು ನಾಳೆ 01 ಆಗುವುದರಿಂದ ಲೆಕ್ಕ ಅಂದೇ ಮುಗಿಯುತ್ತದೆ; 2028ರಲ್ಲಿ ಅದೇ 28ರಂದು ನಾಳೆ 29 ಎಂದು ಬಂದು, ಕೆಲಸ ತಾನಾಗಿಯೇ ಒಂದು ದಿನ ಮುಂದೆ ಹೋಗುತ್ತದೆ. `%`ಗೆ ಮೊದಲು ಬರುವ ಓರೆಗೆರೆಯನ್ನು ಮಾತ್ರ ಬಿಡಬೇಡಿ: ಅದಿಲ್ಲದಿದ್ದರೆ ಕ್ರಾನ್ ಆಜ್ಞೆಯನ್ನು ಅಲ್ಲಿಗೇ ತುಂಡರಿಸುತ್ತದೆ, ಟರ್ಮಿನಲ್‌ನಲ್ಲಿ ಸರಿಯಾಗಿ ನಡೆದ ಪರೀಕ್ಷೆ ಇಲ್ಲಿ ದೋಷ ಕೊಡುತ್ತದೆ. ಮ್ಯಾಕ್‌ನಲ್ಲಿ `-d tomorrow` ನಡೆಯುವುದಿಲ್ಲ, ಅಲ್ಲಿ `-v+1d` ಬರೆಯಬೇಕು. ಸರ್ವರ್‌ನ ಗಡಿಯಾರ ಯುಟಿಸಿಯಲ್ಲಿದ್ದರೆ ರಾತ್ರಿ 9:30 ಎಂಬುದು ನಮ್ಮಲ್ಲಿ ಮರುದಿನ ನಸುಕಿನ 3:00 ಆಗಿರುತ್ತದೆ. ಆ ಹೊತ್ತಿಗೆ ಕರೆಂಟ್ ಹೋಗಿ ಯಂತ್ರ ಆರಿದ್ದರೆ (ನಮ್ಮ ಬೇಸಿಗೆಯಲ್ಲಿ ಇದು ಅಪರೂಪವೇನಲ್ಲ) ಕ್ರಾನ್ ತಪ್ಪಿದ ಕೆಲಸವನ್ನು ಮತ್ತೆ ಮಾಡುವುದಿಲ್ಲವಾದ್ದರಿಂದ, ಅಂಥ ಕಡೆ 1ನೇ ತಾರೀಖಿನ ಬೆಳಿಗ್ಗೆ ಹಿಂದಿನ ತಿಂಗಳ ಲೆಕ್ಕ ತೆಗೆಯುವುದೇ ಮೇಲು.