ಒಂದೇ ನೀರು, ಎರಡು ಕೆಲಸ

ಆಕೆಗೆ 58 ವರ್ಷ. ಎರಡು ಹೆಜ್ಜೆ ನಡೆದರೆ ಏದುಸಿರು, ರಾತ್ರಿ ಕೂತೇ ನಿದ್ದೆ. ಎಕ್ಸ್‌ರೇಯಲ್ಲಿ ಬಲ ಎದೆಯ ಅರ್ಧಕ್ಕಿಂತ ಹೆಚ್ಚು ಬೆಳ್ಳಗಿತ್ತು, ಅಂದರೆ ಶ್ವಾಸಕೋಶದ ಸುತ್ತ ನೀರು. ಅದಕ್ಕೂ ಮುಂಚೆ ಒಂದು ಕಡೆ 10 ಎಂಎಲ್ ತೆಗೆದು ಪರೀಕ್ಷೆಗೆ ಕಳಿಸಿದ್ದರು. ‘ಕ್ಯಾನ್ಸರ್ ಕೋಶಗಳು ಕಂಡಿಲ್ಲ’ ಎಂಬ ವರದಿ ಕೈಯಲ್ಲಿತ್ತು, ಮನೆಯವರು ನಿರಾಳವಾಗಿದ್ದರು. ನನಗೆ ಆ ವರದಿ ಸಾಕೆನಿಸಲಿಲ್ಲ. ಕ್ಯಾನ್ಸರ್‌ನಿಂದಲೇ ನೀರು ತುಂಬಿದ್ದರೂ ಮೊದಲ ಸಲದ ಪರೀಕ್ಷೆ ಅದನ್ನು ಹಿಡಿಯುವುದು ನೂರರಲ್ಲಿ ಸುಮಾರು 60 ಜನರಲ್ಲಿ ಮಾತ್ರ.

ಮೇಜಿನ ಮೇಲೆ ಕೈಯೂರಿ ಮುಂದಕ್ಕೆ ಬಾಗಿ ಕೂರಿಸಿ, ಬೆನ್ನಿನ ಮೇಲೆ ಅಲ್ಟ್ರಾಸೌಂಡ್ ಇಟ್ಟು ನೋಡಿದೆ. ನೀರಿನ ಭಾರಕ್ಕೆ ಎದೆ, ಹೊಟ್ಟೆಗಳ ನಡುವಿನ ಉಸಿರಾಟದ ಸ್ನಾಯುವಾದ ವಪೆ ಕೆಳಕ್ಕೆ ಜೋತುಬಿದ್ದಿತ್ತು, ಉಸಿರೆಳೆದರೂ ಹೆಚ್ಚು ಅಲುಗುತ್ತಿರಲಿಲ್ಲ. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಪಕ್ಕೆಲುಬಿನ ಮೇಲಂಚಿಗೆ ತಾಗಿದಂತೆ ಸೂಜಿ ಹಾಕಿದೆ. ರಕ್ತನಾಳ, ನರ ಹಾದುಹೋಗುವುದು ಕೆಳಅಂಚಿನಲ್ಲಿ. ಬಂದದ್ದು ರಕ್ತ ಬೆರೆತ ಕೆಂಪು ನೀರು. 1.2 ಲೀಟರ್ ಆಗುವಷ್ಟರಲ್ಲಿ ಕೆಮ್ಮು ಶುರುವಾಯಿತು, ಎದೆ ಬಿಗಿಯುತ್ತಿದೆ ಎಂದರು. ಒಳಗೆ ಇನ್ನೂ ನೀರಿದ್ದರೂ ಅಲ್ಲಿಗೇ ನಿಲ್ಲಿಸಿದೆ. ಮುದುಡಿದ ಶ್ವಾಸಕೋಶವನ್ನು ಒಮ್ಮೆಲೇ ಹಿಗ್ಗಿಸಿದರೆ ಅದರೊಳಗೇ ನೀರು ತುಂಬಿಕೊಳ್ಳಬಹುದು. ಅದಕ್ಕೇ ಒಂದು ಸಲಕ್ಕೆ ಒಂದೂವರೆ ಲೀಟರ್ ದಾಟಿಸುವುದಿಲ್ಲ.

ಸ್ವಲ್ಪ ಹೊತ್ತಿಗೆ ಆಕೆ, “ಡಾಕ್ಟ್ರೇ, ಹೊಟ್ಟೆ ತನಕ ಉಸಿರು ಹೋಗ್ತಿದೆ” ಎಂದರು. ಅಚ್ಚರಿಯೆಂದರೆ ಬೆರಳಿಗೆ ಹಾಕಿದ್ದ ಮಾಪಕದಲ್ಲಿ ಆಕ್ಸಿಜನ್ 93ರಿಂದ 94ಕ್ಕೆ ಬಂದಿತ್ತು, ಅಷ್ಟೇ. ಅಲ್ಟ್ರಾಸೌಂಡ್‌ನಲ್ಲಿ ಮಾತ್ರ ವಪೆ ಮತ್ತೆ ಕಮಾನಿನಂತೆ ಮೇಲೆದ್ದು ಆಡುತ್ತಿತ್ತು. ಹಗುರವಾದದ್ದು ಹೆಚ್ಚಾಗಿ ಅದರಿಂದ.

ಈ ಸಲ ಲ್ಯಾಬಿಗೆ 60 ಎಂಎಲ್ ಕಳಿಸಿ, ಸೆಲ್ ಬ್ಲಾಕ್ ಮಾಡಲು ಕೇಳಿಕೊಂಡೆ. ನೀರನ್ನು ಯಂತ್ರದಲ್ಲಿ ಗಿರಗಿರ ತಿರುಗಿಸಿದರೆ ಕೋಶಗಳು ತಳಕ್ಕೆ ಕೂರುತ್ತವೆ. ಆ ಗಸಿಯನ್ನು ಮೇಣದಲ್ಲಿ ಹುದುಗಿಸಿ ತೆಳ್ಳಗೆ ಕೊಯ್ದು ನೋಡುತ್ತಾರೆ. ಪೆಥಾಲಜಿಸ್ಟ್ ನನ್ನನ್ನೇ ಕರೆದು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಉರಿಯೂತವಾದಾಗ ಎದೆಪೊರೆಯ ಸ್ವಂತ ಕೋಶಗಳೂ ಊದಿಕೊಂಡು ಕ್ಯಾನ್ಸರಿನಂತೆಯೇ ಕಾಣುತ್ತವೆ, ಆದರೆ ಅಕ್ಕಪಕ್ಕದ ಕೋಶಗಳ ನಡುವೆ ಸಾಮಾನ್ಯವಾಗಿ ಕಿಟಕಿಯಂಥ ಸಂದು ಇರುತ್ತದೆ. ಇಲ್ಲಿ ಉಂಡೆಗಟ್ಟಿದ ಗುಂಪುಗಳು, ಅಂಚು ನುಣುಪು, ಕೋಶಕೇಂದ್ರಗಳು ದೊಡ್ಡವು. ಕಣ್ಣನ್ನಷ್ಟೇ ನಂಬದೆ ವಿಶೇಷ ಬಣ್ಣಗಳನ್ನೂ ಹಾಕಿದ್ದರು. ಪೊರೆಯ ಕೋಶದ ಗುರುತಾದ ಕ್ಯಾಲ್ರೆಟಿನಿನ್ ಹತ್ತಲಿಲ್ಲ. ಶ್ವಾಸಕೋಶದ ಕೋಶಗಳತ್ತ ಬೆರಳು ಮಾಡುವ ಟಿಟಿಎಫ್-1 ಕೋಶಕೇಂದ್ರಗಳಲ್ಲಿ ಕಂದು ಬಣ್ಣವಾಗಿ ಹತ್ತಿತ್ತು. ಅಡಿನೋಕಾರ್ಸಿನೋಮ ಎಂಬ ಶ್ವಾಸಕೋಶದ ಕ್ಯಾನ್ಸರ್ ಎಂದು ತೀರ್ಮಾನವಾಯಿತು. ಉಳಿದ ಬ್ಲಾಕ್ ಜೀನ್ ಪರೀಕ್ಷೆಗೆ ಹೋಯಿತು.

ಮೂರು ವಾರಕ್ಕೆ ನೀರು ಮತ್ತೆ ತುಂಬಿತು. ಸಲಸಲಕ್ಕೂ ಸೂಜಿ ಚುಚ್ಚುವ ಬದಲು ಚರ್ಮದಡಿಯಿಂದ ತೆಳು ಕೊಳವೆ ಕೂರಿಸಿದೆವು. ಈಗ ಏದುಸಿರು ಹೆಚ್ಚಾದಾಗ ಮನೆಯಲ್ಲೇ ಮಗಳು ಬಾಟಲಿ ಜೋಡಿಸಿ ನೀರು ಇಳಿಸುತ್ತಾಳೆ.