ಗುಡ್ಡ ಸರಿಯುತ್ತದೆ, ಕುಗ್ಗುವುದಿಲ್ಲ

ಎಂ.ಎಸ್ಸಿ. ಓದುವಾಗ ಒಂದು ಪರೀಕ್ಷೆಯಲ್ಲಿ `[0,1]` ಮೇಲಿನ ಈ ಸೀಕ್ವೆನ್ಸ್ ಕೊಟ್ಟಿದ್ದರು:

```
f_n(x) = nx / (1 + n²x²)
```

ಯೂನಿಫಾರ್ಮ್ ಆಗಿ ಕನ್ವರ್ಜ್ ಆಗುತ್ತದೆಯೇ ಅನ್ನುವುದು ಪ್ರಶ್ನೆ. x = 0 ಇದ್ದರೆ ಬೆಲೆ ಯಾವಾಗಲೂ 0. x > 0 ಇದ್ದರೆ ಮೇಲೆ ಬರೀ n, ಕೆಳಗೆ n², ಹಾಗಾಗಿ ಅದೂ 0ಗೆ ಹೋಗುತ್ತದೆ. ಲಿಮಿಟ್ ಎಲ್ಲ ಕಡೆ 0, ಅಂದರೆ ಕಂಟಿನ್ಯೂಯಸ್. ಅಷ್ಟು ನೋಡಿ 'ಹೌದು, ಯೂನಿಫಾರ್ಮ್' ಎಂದು ಬರೆದೆ. ಅಂಕ ಸೊನ್ನೆ.

ನಾನು ಥಿಯರಂ ಅನ್ನು ಉಲ್ಟಾ ಓದಿದ್ದೆ. ಪ್ರತಿ f_n ಕಂಟಿನ್ಯೂಯಸ್ ಆಗಿದ್ದು, ಕನ್ವರ್ಜೆನ್ಸ್ ಯೂನಿಫಾರ್ಮ್ ಆಗಿದ್ದರೆ ಲಿಮಿಟ್ ಕಂಟಿನ್ಯೂಯಸ್. ಲಿಮಿಟ್ ಕಂಟಿನ್ಯೂಯಸ್ ಆಗಿದೆ ಅಂತ ಕನ್ವರ್ಜೆನ್ಸ್ ಯೂನಿಫಾರ್ಮ್ ಆಗಬೇಕಿಲ್ಲ.

ಈಗ ಎರಡು ಸಲ ನೋಡುತ್ತೇನೆ. ಮೊದಲು x ಹಿಡಿದಿಟ್ಟು n ಬೆಳೆಸಿ ಲಿಮಿಟ್ f ತೆಗೆಯುತ್ತೇನೆ. ಆಮೇಲೆ n ಹಿಡಿದಿಟ್ಟು x ಓಡಿಸುತ್ತೇನೆ: |f_n(x) − f(x)| ಅತಿ ಜಾಸ್ತಿ ಎಷ್ಟಾಗಬಹುದು? ಆ ಅಂತರ 0ಗೆ ಹೋದರೆ ಮಾತ್ರ ಯೂನಿಫಾರ್ಮ್.

ಇಲ್ಲಿ nx = t ಎಂದಿಟ್ಟರೆ t/(1+t²) ಉಳಿಯುತ್ತದೆ. ಅದರ ಗರಿಷ್ಠ t = 1ರಲ್ಲಿ, ಬೆಲೆ 1/2. ಅಂದರೆ x = 1/n ಹತ್ತಿರ ಅರ್ಧ ಎತ್ತರದ ಗುಡ್ಡವಿದೆ. n = 10 ಆದಾಗ ಅದು 0.1ರಲ್ಲಿ, n = 1000 ಆದಾಗ 0.001ರಲ್ಲಿ. ಗುಡ್ಡ ಎಡಕ್ಕೆ ಸರಿಯುತ್ತ ಸಣ್ಣಗಾಗುತ್ತದೆ, ಎತ್ತರ ಮಾತ್ರ ಇಳಿಯುವುದಿಲ್ಲ. ಯೂನಿಫಾರ್ಮ್ ಅಲ್ಲ.

ಕಂಪ್ಯೂಟರ್ ಗ್ರಾಫ್ ಇಲ್ಲಿ ಮೋಸ ಮಾಡುತ್ತದೆ. ಒಮ್ಮೆ n = 10,00,000 ಕೊಟ್ಟು, 0.01 ಅಂತರದಲ್ಲಿ ಬಿಂದುಗಳನ್ನು ಹಾಕಿದೆ. 0 ಬಿಟ್ಟರೆ ಮೊದಲ ಬಿಂದುವಿನಲ್ಲೇ ಬೆಲೆ 0.0001. ತೆರೆಯ ಮೇಲೆ ನೆಟ್ಟಗೆ ಒಂದು ಗೆರೆ! ಗುಡ್ಡ ಎರಡು ಬಿಂದುಗಳ ನಡುವೆ ಅಡಗಿ ಕೂತಿತ್ತು.

ಮೇಲಿನ n ತೆಗೆದು, ಕೆಳಗಿನ n² ಜಾಗದಲ್ಲಿ n ಹಾಕಿದರೆ `x/(1+nx²)` ಆಗುತ್ತದೆ. ಇದರ ಗರಿಷ್ಠ 1/(2√n). n = 10,000ಕ್ಕೆ ಅದು 0.005. ಈ ಗುಡ್ಡ ಕುಗ್ಗುತ್ತದೆ, ಆದ್ದರಿಂದ ಯೂನಿಫಾರ್ಮ್.

ಲಿಮಿಟ್ ಮುರಿದಿದ್ದರೆ ಗರಿಷ್ಠ ಹುಡುಕುವ ಕೆಲಸವೇ ಇಲ್ಲ. `[0,1]` ಮೇಲೆ xⁿ ತೆಗೆದುಕೊಳ್ಳಿ: ಲಿಮಿಟ್ 1ರಲ್ಲಿ 1, ಉಳಿದೆಡೆ 0. ಪ್ರತಿ xⁿ ಕಂಟಿನ್ಯೂಯಸ್, ಲಿಮಿಟ್ ಅಲ್ಲ. ಹಾಗಾದರೆ ಯೂನಿಫಾರ್ಮ್ ಆಗಿರಲು ಸಾಧ್ಯವೇ ಇಲ್ಲ.

ಸರಿ, 1 ಅನ್ನು ಬಿಟ್ಟು `[0,1)` ತೆಗೆದುಕೊಂಡರೆ? ಸುಪ್ರೀಮಂ ಆಗಲೂ 1, ಯೂನಿಫಾರ್ಮ್ ಅಲ್ಲ. ಆದರೂ ಲಿಮಿಟ್ ಕಂಟಿನ್ಯೂಯಸ್ ಅಂತ ಥಿಯರಂನಿಂದಲೇ ಹೇಳಬಹುದು. ಕಂಟಿನ್ಯೂಟಿ ಅನ್ನುವುದು ಒಂದು ಬಿಂದುವಿನ ಸುತ್ತಮುತ್ತಲಿನ ವಿಷಯ, ಅಲ್ವಾ? a < 1 ಆದರೆ `[0,a]` ಮೇಲೆ ಅಂತರ aⁿ ದಾಟುವುದಿಲ್ಲ, ಅದು 0ಗೆ ಹೋಗುತ್ತದೆ. 1ಕ್ಕಿಂತ ಕಡಿಮೆಯ ಯಾವ ಬಿಂದು ಕೊಟ್ಟರೂ ಅದಕ್ಕಿಂತ ಸ್ವಲ್ಪ ದೊಡ್ಡ a ಸಿಗುತ್ತದೆ. ಅಷ್ಟು ಸಾಕು.

ನನ್ನ ಹಳೆಯ ಸೀಕ್ವೆನ್ಸ್‌ಗೂ ಇದೇ ದಾರಿ: `[a,1]` ಮೇಲೆ ಅದು 1/(na) ಒಳಗೇ ಇರುತ್ತದೆ. 0 ಬಿಂದುವಿನಲ್ಲಿ ಮಾತ್ರ ಥಿಯರಂ ಕೈಕೊಡುತ್ತದೆ. ಅಲ್ಲಿ ಲಿಮಿಟ್ ಅನ್ನೇ ನೇರವಾಗಿ ನೋಡಿ ಹೇಳಬೇಕು.